ಪರದೆ ಬಿಳಿಯಿಂದ ಕಪ್ಪಾದಾಗ ಮಾತ್ರ ಮುಟ್ಟದೆಯೇ ಟಚ್ ಬರುತ್ತಿದೆ: ಪಕ್ಕದ ಟ್ರೇಸ್‌ಗಳ ಕ್ರಾಸ್‌ಟಾಕ್ ಇರಬಹುದೇ?

ಕಿರುದೀಪ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ತೊಂದರೆಯಲ್ಲಿ ಸಿಕ್ಕಿಕೊಂಡಿದ್ದೇನೆ, ಸ್ವಲ್ಪ ದಾರಿ ತೋರಿಸಿ.

ನನ್ನದು ಎರಡು ಪದರದ ಬೋರ್ಡ್, ದಪ್ಪ 1.6 ಮಿ.ಮೀ. ಮೈಕ್ರೋಕಂಟ್ರೋಲರ್‌ನಿಂದ ಡಿಸ್‌ಪ್ಲೇ ಕನೆಕ್ಟರ್‌ವರೆಗೆ 8 ಬಿಟ್ ಪ್ಯಾರಲಲ್ ಬಸ್ ಹೋಗುತ್ತದೆ. ಟ್ರೇಸ್ ಅಗಲ 0.25 ಮಿ.ಮೀ., ನಡುವಿನ ಸಂದು 0.25 ಮಿ.ಮೀ., ಸುಮಾರು 70 ಮಿ.ಮೀ. ಉದ್ದ ಅಕ್ಕಪಕ್ಕದಲ್ಲೇ ಓಡುತ್ತವೆ. ಆ ಎಂಟರ ಅಂಚಿನಲ್ಲಿ ಒಂಬತ್ತನೆಯದಾಗಿ ಟಚ್ ಚಿಪ್‌ನ ಇಂಟರಪ್ಟ್ ಟ್ರೇಸ್ ಇದೆ. ಅದಕ್ಕೆ 3.3 ವೋಲ್ಟ್‌ಗೆ 10 ಕಿಲೋಓಮ್ ಪುಲ್-ಅಪ್. ಬೆರಳು ಇಟ್ಟಾಗ ಚಿಪ್ ಆ ಲೈನನ್ನು ಕೆಳಗೆ ಎಳೆಯುತ್ತದೆ, ಫಾಲಿಂಗ್ ಎಡ್ಜ್‌ಗೆ ನನ್ನ ಕೋಡ್ ಎಚ್ಚರಗೊಳ್ಳುತ್ತದೆ.

ತೊಂದರೆ ಏನೆಂದರೆ ಯಾರೂ ಮುಟ್ಟದಿದ್ದರೂ ಇಂಟರಪ್ಟ್ ಬರುತ್ತದೆ. ಯಾವಾಗ ಬೇಕಾದರೂ ಅಲ್ಲ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಇರುವ ಪುಟ ಬರೆಯುವಾಗ ಮಾತ್ರ. ಬಣ್ಣದ ಚಿತ್ರ ತೋರಿಸಿದರೆ ಗಂಟೆಗಟ್ಟಲೆ ಸುಮ್ಮನಿರುತ್ತದೆ.

ಕ್ರಾಸ್‌ಟಾಕ್ ಇರಬಹುದು ಅನ್ನಿಸಿ ಬರೆಯುವ ವೇಗವನ್ನು 10 ಮೆಗಾಹರ್ಟ್ಸ್‌ನಿಂದ 1 ಮೆಗಾಹರ್ಟ್ಸ್‌ಗೆ ಇಳಿಸಿದೆ. ಸುಳ್ಳು ಟಚ್ ವಿರಳವಾಯಿತು, ಆದರೆ ನಿಲ್ಲಲಿಲ್ಲ. ಅಂದಮೇಲೆ ಇದು ಕ್ರಾಸ್‌ಟಾಕ್ ಅಲ್ಲ ಅಂತಲೇ? ಕೆಳಪದರದಲ್ಲಿ ಪೂರ್ತಿ ಗ್ರೌಂಡ್ ತುಂಬಿದ್ದೇನೆ, ಆ ಕಡೆಯಿಂದ ಏನೂ ತಪ್ಪಿಲ್ಲ ಅಂದುಕೊಂಡಿದ್ದೇನೆ.

ಎರಡುಪದರ

ಇದು ಖಂಡಿತ ಕ್ರಾಸ್‌ಟಾಕೇ. ಪರಿಹಾರವೂ ಸುಲಭ. 3W ನಿಯಮ ಪಾಲಿಸಿ: ಟ್ರೇಸ್‌ನ ನಡುವಿನಿಂದ ಪಕ್ಕದ ಟ್ರೇಸ್‌ನ ನಡುವಿಗೆ ಅಗಲದ ಮೂರು ಪಟ್ಟು ದೂರ ಇರಬೇಕು. ನಿಮ್ಮದು ಈಗ ಎರಡು ಪಟ್ಟು. 0.5 ಇರುವುದನ್ನು 0.75 ಮಿ.ಮೀ. ಮಾಡಿಬಿಡಿ, ಮುಗಿಯಿತು. ನಾನು ಎಲ್ಲ ಬೋರ್ಡ್‌ಗಳಲ್ಲೂ ಇದನ್ನೇ ಮಾಡುವುದು, ಎಂದೂ ಕೈಕೊಟ್ಟಿಲ್ಲ.

ನಾದಪೆಟ್ಟಿಗೆ

ನನಗೂ ಹೀಗೇ ಆಗಿತ್ತು. ಹೆಡ್‌ಫೋನ್ ಆಂಪ್ಲಿಫೈಯರ್‌ನಲ್ಲಿ ಎಡ ಚಾನೆಲ್‌ನ ಹಾಡು ಬಲ ಚಾನೆಲ್‌ನಲ್ಲಿ ಸಣ್ಣಗೆ ಕೇಳುತ್ತಿತ್ತು. ಟ್ರೇಸ್ ದೂರ ದೂರ ಇಟ್ಟರೂ ಹೋಗಲಿಲ್ಲ. ಕೊನೆಗೆ ಎರಡೂ ಚಾನೆಲ್‌ಗೆ ಬೇರೆ ಬೇರೆ ಗ್ರೌಂಡ್ ತಂತಿ ಎಳೆದಾಗ ಹೋಯಿತು. ನೀವೂ ಟಚ್‌ಗೆ ಬೇರೆ ಗ್ರೌಂಡ್ ಕೊಟ್ಟು ನೋಡಿ.

ತಾಮ್ರದೆಳೆ

ನಾದಪೆಟ್ಟಿಗೆಯವರೇ, ನಿಮ್ಮದು ಹೆಸರಿನಲ್ಲಿ ಒಂದೇ, ಕಾರಣ ಬೇರೆ. ಹೆಡ್‌ಫೋನ್‌ನಲ್ಲಿ ಎರಡು ಚಾನೆಲ್‌ನ ಕರೆಂಟ್ ಒಂದೇ ವಾಪಸು ತಂತಿಯಲ್ಲಿ ಬರುತ್ತದೆ. ಆ ತಂತಿಯ ರೋಧದಲ್ಲಿ ಹುಟ್ಟುವ ವೋಲ್ಟೇಜ್ ಇನ್ನೊಂದು ಚಾನೆಲ್‌ಗೂ ಕಾಣುತ್ತದೆ. ಅದಕ್ಕೇ ಟ್ರೇಸ್ ದೂರ ಮಾಡಿದರೂ ಕಡಿಮೆ ಆಗಲಿಲ್ಲ, ತಂತಿ ಬೇರೆ ಮಾಡಿದ ಕೂಡಲೇ ಹೋಯಿತು. ಕಿರುದೀಪ ಅವರ ಬೋರ್ಡ್‌ನಲ್ಲಿ ತೊಂದರೆ ಕೊಡುತ್ತಿರುವುದು ಎಡ್ಜ್. ಇಲ್ಲಿ ಗ್ರೌಂಡನ್ನು ಸೀಳಿ ಬೇರೆ ಮಾಡಿದರೆ ಇನ್ನೂ ಕೆಡುತ್ತದೆ, ದಯವಿಟ್ಟು ಅದನ್ನು ಮಾಡಬೇಡಿ.

ಈಗ ಮೂಲ ಪ್ರಶ್ನೆಗೆ ಬರೋಣ. ಕ್ಲಾಕ್ ಇಳಿಸಿದರೂ ನಿಲ್ಲಲಿಲ್ಲ ಅನ್ನುವುದು ಕ್ರಾಸ್‌ಟಾಕ್ ಅಲ್ಲ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಸೆಕೆಂಡಿಗೆ ಎಷ್ಟು ಎಡ್ಜ್ ಬರುತ್ತವೆ ಎಂಬುದನ್ನು ನೀವು ಕಡಿಮೆ ಮಾಡಿದಿರಿ. ಒಂದೊಂದು ಎಡ್ಜ್ ಎಷ್ಟು ಕಡಿದಾಗಿ ಬೀಳುತ್ತದೆ ಎಂಬುದು ಬದಲಾಗಲೇ ಇಲ್ಲ. ಪಿನ್ 1 ನ್ಯಾನೋಸೆಕೆಂಡಿನಲ್ಲಿ 3.3 ವೋಲ್ಟ್ ಇಳಿಯುತ್ತಿದ್ದರೆ, ಕ್ಲಾಕ್ 10 ಇರಲಿ 1 ಇರಲಿ, ಪಕ್ಕದ ಟ್ರೇಸ್‌ಗೆ ತಗಲುವ ಹೊಡೆತ ಅಷ್ಟೇ. ಹೊಡೆತಗಳ ಸಂಖ್ಯೆ ಕಡಿಮೆಯಾಯಿತು, ಹಾಗಾಗಿ ಸುಳ್ಳು ಟಚ್ ವಿರಳವಾಯಿತು.

ಬಿಳಿ-ಕಪ್ಪು ಅನ್ನುವ ನಿಮ್ಮ ಸುಳಿವು ತುಂಬಾ ಒಳ್ಳೆಯದು. ಬಿಳಿ ಪಿಕ್ಸೆಲ್ ಅಂದರೆ ಬಸ್ ಮೇಲೆ `0xFF`, ಕಪ್ಪು ಅಂದರೆ `0x00`. ಬಿಳಿಯಿಂದ ಕಪ್ಪಿಗೆ ಹೋಗುವಾಗ ಎಂಟೂ ಲೈನ್ ಒಂದೇ ಕ್ಷಣದಲ್ಲಿ ಕೆಳಗೆ ಬೀಳುತ್ತವೆ, ಎಂಟರ ಹೊಡೆತವೂ ಒಂದೇ ದಿಕ್ಕಿನಲ್ಲಿ ಕೂಡುತ್ತದೆ. ಬಣ್ಣದ ಚಿತ್ರದಲ್ಲಿ ಕೆಲವು ಬಿಟ್ ಮೇಲೆ ಕೆಲವು ಕೆಳಗೆ, ಒಂದನ್ನೊಂದು ತಿಂದುಹಾಕುತ್ತವೆ. ಕಪ್ಪಿನಿಂದ ಬಿಳಿಗೆ ಹೋಗುವಾಗಲೂ ಹೊಡೆತ ಇದೆ, ಆದರೆ ಅದು ಇಂಟರಪ್ಟ್ ಲೈನನ್ನು ಮೇಲಕ್ಕೆ ತಳ್ಳುತ್ತದೆ. ಮೊದಲೇ ಮೇಲಿರುವ ಲೈನ್‌ಗೆ ಅದರಿಂದ ಫಾಲಿಂಗ್ ಎಡ್ಜ್ ಹುಟ್ಟುವುದಿಲ್ಲ.

ಎರಡು ಕೆಲಸ ಮಾಡಿ. ಬಸ್ ಮೇಲೆ `0xFF`, `0x00` ಇವೆರಡನ್ನೇ ಮತ್ತೆ ಮತ್ತೆ ಕಳಿಸುವ ಸಣ್ಣ ಕೋಡ್ ಓಡಿಸಿ, ಇಂಟರಪ್ಟ್ ಪಿನ್ ಮೇಲೆ ಸ್ಕೋಪ್ ಇಡಿ. ಪ್ರೋಬ್‌ನ ಉದ್ದ ಮೊಸಳೆ ಕ್ಲಿಪ್ ತೆಗೆದು, ತುದಿಗೆ ಹಾಕುವ ಚಿಕ್ಕ ಸ್ಪ್ರಿಂಗ್ ಗ್ರೌಂಡನ್ನು ಪಿನ್ ಪಕ್ಕದಲ್ಲೇ ತಾಗಿಸಿ. ಇಲ್ಲದಿದ್ದರೆ ಕ್ಲಿಪ್‌ನ ಕುಣಿಕೆಯೇ ಬಸ್‌ನ ಸದ್ದು ಹಿಡಿದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಎರಡನೆಯದು, ಕೆಳಪದರದ ಚಿತ್ರ ಹಾಕಿ. "ಪೂರ್ತಿ ಗ್ರೌಂಡ್" ಅನ್ನುವ ಮಾತನ್ನು ಕಣ್ಣಾರೆ ನೋಡಬೇಕು.

ಕಿರುದೀಪ

ತುಂಬಾ ಧನ್ಯವಾದ ಮೇಡಂ. ಇಂದು ಅಳೆದೆ.

`0xFF` ಇಂದ `0x00` ಆಗುವ ಕ್ಷಣದಲ್ಲಿ ಇಂಟರಪ್ಟ್ ಲೈನ್ 3.3 ರಿಂದ 1.4 ವೋಲ್ಟ್‌ಗೆ ಕುಸಿಯುತ್ತದೆ. ಅಂದರೆ 1.9 ವೋಲ್ಟ್ ಗುಂಡಿ! ಆಕಾರವೂ ವಿಚಿತ್ರ. ಮೊದಲು ಸೂಜಿಯಂತೆ ಚೂಪಾಗಿ ಇಳಿದು ತಕ್ಷಣ ಸ್ವಲ್ಪ ಏರುತ್ತದೆ. ಉಳಿದದ್ದು ನಿಧಾನವಾಗಿ, ಸುಮಾರು 150 ನ್ಯಾನೋಸೆಕೆಂಡ್ ತೆವಳಿಕೊಂಡು ಮೇಲೆ ಬರುತ್ತದೆ. ಮೊಸಳೆ ಕ್ಲಿಪ್ ಹಾಕಿದಾಗ ಇದೇ ಗುಂಡಿ 2.6 ವೋಲ್ಟ್ ಅಂತ ತೋರಿಸಿತ್ತು, ನೀವು ಹೇಳಿದ್ದು ನಿಜ.

ಕೆಳಪದರದ ಚಿತ್ರ ಲಗತ್ತಿಸಿದ್ದೇನೆ.

ತಾಮ್ರದೆಳೆ

ಚಿತ್ರ ನೋಡಿದೆ. ಬಸ್‌ನ ನಟ್ಟನಡುವೆ, ಕೆಳಗಡೆ, ಬ್ಯಾಕ್‌ಲೈಟ್‌ಗೆ ಹೋಗುವ 5 ವೋಲ್ಟ್ ಟ್ರೇಸ್ ಒಂದು ಅಡ್ಡ ಹಾದಿದೆ. ಅದರ ಎರಡೂ ಬದಿ ಗ್ರೌಂಡ್ ಕತ್ತರಿಸಿದೆ. ನಿಮ್ಮ ಒಂಬತ್ತು ಟ್ರೇಸ್ ಆ ಸೀಳನ್ನು ದಾಟಿ ಹೋಗುತ್ತಿವೆ.

ಟ್ರೇಸ್‌ನಲ್ಲಿ ಮುಂದೆ ಹೋಗುವ ಕರೆಂಟ್ ಅದೇ ಹೊತ್ತಿಗೆ ಗ್ರೌಂಡ್‌ನಲ್ಲಿ ವಾಪಸು ಬರಬೇಕು. ಎಡ್ಜ್ ಇಷ್ಟು ಚುರುಕಾಗಿದ್ದರೆ ವಾಪಸು ಕರೆಂಟ್ ಹತ್ತಿರದ ನೇರ ದಾರಿ ಅಂತ ಎಲ್ಲೆಲ್ಲೋ ಹೋಗುವುದಿಲ್ಲ, ಟ್ರೇಸ್‌ನ ನೆರಳಿನಂತೆ ಅದರ ಅಡಿಯಲ್ಲೇ ಬರುತ್ತದೆ. ಸೀಳು ಸಿಕ್ಕಾಗ ನೆರಳು ಮುರಿಯುತ್ತದೆ. ಒಂಬತ್ತು ಟ್ರೇಸ್‌ನ ವಾಪಸು ಕರೆಂಟೂ ಸೀಳಿನ ತುದಿಗೆ ಹೋಗಿ, ಒಂದೇ ಸಂದಿಯಲ್ಲಿ ನುಗ್ಗಿ, ಮತ್ತೆ ಹಿಂದಕ್ಕೆ ಬರಬೇಕು. ಆ ಸುತ್ತುದಾರಿಯ ಕುಣಿಕೆಯನ್ನು ಎಂಟು ಡೇಟಾ ಲೈನ್ ಮತ್ತು ನಿಮ್ಮ ಇಂಟರಪ್ಟ್ ಲೈನ್ ಹಂಚಿಕೊಂಡಿವೆ. ಒಂದರ ಕಾಂತಕ್ಷೇತ್ರ ಇನ್ನೊಂದರ ಕುಣಿಕೆಯೊಳಗೆ ಹಾಯುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ.

ಗುಂಡಿಯ ಆಕಾರವೂ ಇದನ್ನೇ ಹೇಳುತ್ತದೆ. ಚೂಪು ಭಾಗ ಹೆಚ್ಚಾಗಿ ಕಾಂತ ಜೋಡಣೆಯಿಂದ ಬಂದದ್ದು, ಎಡ್ಜ್ ಇರುವಷ್ಟು ಹೊತ್ತು ಮಾತ್ರ ಇರುತ್ತದೆ. ತೆವಳುವ ಬಾಲ ಕೆಪಾಸಿಟನ್ಸ್‌ನಿಂದ ಬಂದದ್ದು. ಟಚ್ ಚಿಪ್ ಲೈನನ್ನು ಬಿಟ್ಟುಕೊಟ್ಟಿರುವಾಗ ಅದನ್ನು ಹಿಡಿದಿರುವುದು 10 ಕಿಲೋಓಮ್ ಒಂದೇ. ಲೈನ್, ಎರಡು ಪಿನ್, ಎಲ್ಲ ಸೇರಿ 15 ಪಿಕೋಫ್ಯಾರಡ್ ಅಂದುಕೊಂಡರೆ ಗುಣಿಸಿದಾಗ 150 ನ್ಯಾನೋಸೆಕೆಂಡ್. ನಿಮ್ಮ ಅಳತೆಗೆ ಸರಿಹೊಂದುತ್ತದೆ.

ಎರಡುಪದರ

ಹಾಗಿದ್ದರೆ ಪುಲ್-ಅಪ್ 1 ಕಿಲೋಓಮ್ ಮಾಡಿದರೆ ಸಾಕಲ್ಲ? ಲೈನ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಗುಂಡಿ ಹೋಗುತ್ತದೆ.

ತಾಮ್ರದೆಳೆ

ಬಾಲ ಹೋಗುತ್ತದೆ, ಗುಂಡಿಯ ಆಳ ಹೋಗುವುದಿಲ್ಲ. 1 ಕಿಲೋಓಮ್‌ಗೆ 15 ನ್ಯಾನೋಸೆಕೆಂಡ್ ಬೇಕು. ಹೊಡೆತ ಬೀಳುವುದು 1 ನ್ಯಾನೋಸೆಕೆಂಡಿನಲ್ಲಿ. ರೆಸಿಸ್ಟರ್ ಏಳುವಷ್ಟರಲ್ಲಿ ಲೈನ್ ಆಗಲೇ ತಳ ಮುಟ್ಟಿರುತ್ತದೆ. ಫಾಲಿಂಗ್ ಎಡ್ಜ್ ಹಿಡಿಯುವ ಪಿನ್‌ಗೆ ಆಳವೇ ಮುಖ್ಯ. ಕಿರುದೀಪ, ಬೇಕಾದರೆ ಬದಲಿಸಿ ನೋಡಿ, ಕಣ್ಣಿಗೇ ಕಾಣುತ್ತದೆ.

ಲೆಕ್ಕದಹಾಳೆ

ಅಂತರದ ಬಗ್ಗೆ ಲೆಕ್ಕ ಹಾಕದೆ ಮಾತಾಡುತ್ತಿದ್ದೇವೆ, ಹಾಕೋಣ. ಎರಡು ಟ್ರೇಸ್ ನಡುವಿನ ಕಾಂತ ಜೋಡಣೆ ಎಷ್ಟು ಪಾಲು ಅನ್ನುವುದಕ್ಕೆ ನಾನು ಬಳಸುವ ಅಂದಾಜು ಇದು. `H` ಟ್ರೇಸ್‌ನಿಂದ ಗ್ರೌಂಡ್‌ಗೆ ಇರುವ ಎತ್ತರ, `D` ನಡುವಿನಿಂದ ನಡುವಿಗೆ ದೂರ, `W` ಅಗಲ.

```
Lm/L ≈ ln(1 + (2H/D)^2) / (2 * ln(8H/W))

W = 0.25
H = 1.5   D = 0.5    0.47
H = 1.5   D = 0.75   0.37
H = 1.5   D = 1.0    0.30
H = 0.2   D = 0.5    0.13
H = 0.2   D = 0.75   0.07
H = 0.2   D = 1.0    0.04
```

ಎರಡುಪದರ ಅವರೇ, ನಿಮ್ಮ 3W ಎರಡನೇ ಸಾಲಿನಲ್ಲಿದೆ. ಈ ಬೋರ್ಡ್‌ನಲ್ಲಿ ಅದರಿಂದ 0.47 ಇದ್ದದ್ದು 0.37 ಆಗುತ್ತದೆ, ಅಷ್ಟೇ. ಅದೇ 3W ಗ್ರೌಂಡ್ 0.2 ಮಿ.ಮೀ. ಹತ್ತಿರ ಇದ್ದರೆ 0.13 ರಿಂದ 0.07 ಕ್ಕೆ, ಅಂದರೆ ಅರ್ಧಕ್ಕೆ ಇಳಿಸುತ್ತದೆ. ನಿಯಮದಲ್ಲಿ ಅಗಲ ಇದೆ, ಎತ್ತರ ಇಲ್ಲ. ಆಟ ನಡೆಯುವುದು ಎತ್ತರದ ಮೇಲೆ. ದೂರವನ್ನು ಎತ್ತರದಿಂದ ಭಾಗಿಸಿದಾಗ ಏನು ಬರುತ್ತದೋ ಅದನ್ನು ನೋಡಬೇಕು.

ಒಂದನೇ ಸಾಲನ್ನೂ ನಾಲ್ಕನೇ ಸಾಲನ್ನೂ ಪಕ್ಕದಲ್ಲಿಟ್ಟು ನೋಡಿ. ಟ್ರೇಸ್ ಒಂದಿಷ್ಟೂ ಅಲುಗಾಡಿಸದೆ ಗ್ರೌಂಡ್ ಮಾತ್ರ ಹತ್ತಿರ ತಂದರೆ 0.47 ಹೋಗಿ 0.13. ಮೂರನೇ ಸಾಲಿನಂತೆ ದೂರವನ್ನು ದುಪ್ಪಟ್ಟು ಮಾಡಿದರೂ 0.30 ಕ್ಕಿಂತ ಕೆಳಗೆ ಬರಲಿಲ್ಲ.

ಕಿರುದೀಪ

ಸರ್, 0.47 ಅಂದರೆ 3.3 ವೋಲ್ಟ್‌ನ 47 ಶೇಕಡ ಪಕ್ಕದ ಲೈನ್‌ಗೆ ಬರುತ್ತದೆ ಅಂತಲೇ? ಒಂದೇ ಲೈನ್‌ನಿಂದ ಅಷ್ಟು ಬರುತ್ತಿಲ್ಲ. ಪಕ್ಕದ ಬಿಟ್ ಒಂದನ್ನೇ ಆಡಿಸಿದಾಗ ಗುಂಡಿ 0.7 ವೋಲ್ಟ್ ಆಸುಪಾಸು.

ಲೆಕ್ಕದಹಾಳೆ

ಇಲ್ಲ. ಹೊಡೆಯುವ ಲೈನ್‌ನ ಡ್ರೈವರ್ ಇರುವ ತುದಿಯಲ್ಲಿ ಕಾಣುವ ವೋಲ್ಟೇಜ್ ಹೆಚ್ಚೆಂದರೆ ಕಾಂತ ಪಾಲು ಮತ್ತು ಕೆಪಾಸಿಟನ್ಸ್ ಪಾಲು ಎರಡನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದಷ್ಟು. ಮೇಲ್ಪದರದ ಟ್ರೇಸ್‌ನಲ್ಲಿ ಕೆಪಾಸಿಟನ್ಸ್ ಪಾಲು ಕಾಂತ ಪಾಲಿಗಿಂತ ತುಸು ಕಡಿಮೆ. ಹಾಗಾಗಿ 0.47 ರ ಅರ್ಧಕ್ಕಿಂತ ಸ್ವಲ್ಪ ಕೆಳಗೆ, 0.22 ಅನ್ನಿ. 3.3 ರಿಂದ ಗುಣಿಸಿದರೆ 0.7 ವೋಲ್ಟ್. ನಿಮ್ಮ ಅಳತೆ ಹತ್ತಿರವೇ ಇದೆ.

ಆದರೆ ಒಂದು ಮಾತು. ಈ ಲೆಕ್ಕ ಸೀಳಿಲ್ಲದ ಗ್ರೌಂಡ್‌ಗೆ, ಎರಡೂ ತುದಿ ಸರಿಯಾಗಿ ಟರ್ಮಿನೇಟ್ ಆದ ಲೈನ್‌ಗೆ. ನಿಮ್ಮ ಇಂಟರಪ್ಟ್ ಲೈನ್ ಎರಡೂ ತುದಿಯಲ್ಲಿ ಹೆಚ್ಚುಕಡಿಮೆ ತೆರೆದೇ ಇದೆ, ಪಿನ್‌ಗಳ ಕೆಪಾಸಿಟನ್ಸ್ ಬೇರೆ ಇದೆ. ಒಂದು ಹೆಚ್ಚಿಸುತ್ತದೆ, ಇನ್ನೊಂದು ತಗ್ಗಿಸುತ್ತದೆ. ಸರಿಹೊಂದಿದ್ದು ಸ್ವಲ್ಪ ಅದೃಷ್ಟವೂ ಹೌದು. ಇದನ್ನು ಹೋಲಿಸಿ ನೋಡಲು ಬಳಸಿ, ಮಿಲಿವೋಲ್ಟ್ ಮಟ್ಟಕ್ಕೆ ನಂಬಬೇಡಿ.

ತಾಮ್ರದೆಳೆ

ಇದೇ ಲೆಕ್ಕವನ್ನು ದೂರದ ಬಿಟ್‌ಗಳಿಗೂ ಹಾಕಿ ನೋಡಿದೆ. ಗ್ರೌಂಡ್ 1.5 ಮಿ.ಮೀ. ಕೆಳಗಿರುವಾಗ ಮೊದಲನೇ ನೆರೆಯವನಿಂದ 0.7, ಎರಡನೆಯವನಿಂದ 0.45, ಮೂರನೆಯವನಿಂದ 0.3, ನಾಲ್ಕನೆಯವನಿಂದ 0.2 ಕ್ಕೂ ಹೆಚ್ಚು. ಉಳಿದ ನಾಲ್ಕು ಸೇರಿ ಇನ್ನೊಂದು ಅರ್ಧ ವೋಲ್ಟ್. ನಡುವಿನ ಟ್ರೇಸ್‌ಗಳು ಸ್ವಲ್ಪ ಮರೆ ಕೊಡುತ್ತವೆ, ಅಷ್ಟೂ ಬರುವುದಿಲ್ಲ. ಆದರೂ ಗಮನಿಸಿ: 4 ಮಿ.ಮೀ. ದೂರದಲ್ಲಿರುವ ಎಂಟನೇ ಬಿಟ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಕಾರಣ ವಾಪಸು ಕರೆಂಟ್ ಹರಡಿಕೊಳ್ಳುವ ರೀತಿ. ಟ್ರೇಸ್‌ನ ಎಡಕ್ಕೂ ಬಲಕ್ಕೂ ಎತ್ತರದಷ್ಟೇ ದೂರದೊಳಗೆ ಅರ್ಧ ಕರೆಂಟ್ ಇರುತ್ತದೆ. ಎತ್ತರದ ಮೂರು ಪಟ್ಟು ದೂರದೊಳಗೆ ಸುಮಾರು 80 ಶೇಕಡ. ನಿಮ್ಮ ಬೋರ್ಡ್‌ನಲ್ಲಿ ಮೂರು ಪಟ್ಟು ಅಂದರೆ ಎರಡೂ ಕಡೆಗೆ 4.5 ಮಿ.ಮೀ. ನಿಮ್ಮ ಬಸ್‌ನ ಪೂರ್ತಿ ಅಗಲವೇ 4 ಮಿ.ಮೀ. ಹೀಗಾಗಿ ಒಂಬತ್ತು ಟ್ರೇಸ್‌ನ ನೆರಳುಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗಿವೆ. ಗ್ರೌಂಡ್ 0.2 ಮಿ.ಮೀ. ಕೆಳಗಿದ್ದರೆ ಅದೇ ಮೂರು ಪಟ್ಟು 0.6 ಮಿ.ಮೀ. ಮಾತ್ರ. ಆಗ ಪ್ರತಿ ಟ್ರೇಸ್‌ನ ನೆರಳು ಅದರ ಕಾಲಡಿಯಲ್ಲೇ ಇರುತ್ತದೆ. ಕೂಡಿಸಿದಾಗ ಎಂಟೂ ಸೇರಿ 0.35 ವೋಲ್ಟ್ ದಾಟುವುದಿಲ್ಲ.

ಪಟ್ಟಿಕೇಬಲ್

ಇದನ್ನು ಓದುವಾಗ ಹಳೆಯ ಕಂಪ್ಯೂಟರ್‌ಗಳ ಹಾರ್ಡ್‌ಡಿಸ್ಕ್ ಪಟ್ಟಿ ಕೇಬಲ್ ನೆನಪಾಯಿತು. ಮೊದಲು 40 ತಂತಿ ಇದ್ದವು. ಅಲ್ಟ್ರಾ ಎಟಿಎ-66 ಬಂದಾಗ 80 ತಂತಿ ಆಯಿತು, ಕನೆಕ್ಟರ್ ಮಾತ್ರ ಅದೇ 40 ಪಿನ್. ಹೊಸ 40 ತಂತಿಯೂ ಬರೀ ಗ್ರೌಂಡ್, ಹಳೆಯ ತಂತಿಗಳ ಸಂದಿಯಲ್ಲಿ ಒಂದೊಂದರಂತೆ. ಕೇಬಲ್‌ನ ಅಗಲ ಬದಲಾಗಲಿಲ್ಲ, ತಂತಿ ಸಣ್ಣದಾಯಿತು ಅಷ್ಟೇ. ಸಿಗ್ನಲ್‌ಗಳ ನಡುವಿನ ದೂರ ಹೆಚ್ಚಿಸದೆ, ಪ್ರತಿಯೊಂದರ ಪಕ್ಕಕ್ಕೂ ವಾಪಸು ದಾರಿ ತಂದು ನಿಲ್ಲಿಸಿದ್ದೇ ಕೆಲಸ ಮಾಡಿದ್ದು.

ನನ್ನದೊಂದು ಪ್ರಶ್ನೆಯೂ ಇದೆ. ಸೆನ್ಸರ್‌ಗೆ 30 ಸೆಂ.ಮೀ. ಪಟ್ಟಿ ಕೇಬಲ್‌ನಲ್ಲಿ ಐ-ಟು-ಸಿ ಕಳಿಸುತ್ತಿದ್ದೇನೆ. ತಂತಿಗಳ ಕ್ರಮ `VDD`, `SDA`, `SCL`, `GND`. ಆಗಾಗ ಬಸ್ ನಿಂತುಬಿಡುತ್ತದೆ. ಇದೂ ಅದೇ ಕಾಯಿಲೆಯೇ?

ತಾಮ್ರದೆಳೆ

ಬಹುಮಟ್ಟಿಗೆ ಹೌದು. `SDA` ಬೀಳುವಾಗ ಪಕ್ಕದಲ್ಲೇ ಇರುವ `SCL` ಅನ್ನು ಹಿಡಿದಿರುವುದು ಬರೀ ಪುಲ್-ಅಪ್. ಅದು ಒಂದು ಕ್ಷಣ ಕುಸಿದರೆ ಸೆನ್ಸರ್‌ಗೆ ಇಲ್ಲದ ಕ್ಲಾಕ್ ಕಾಣುತ್ತದೆ. ಐ-ಟು-ಸಿ ಸ್ಪೆಸಿಫಿಕೇಶನ್‌ನಲ್ಲೇ ಇದಕ್ಕೆ ಸಲಹೆ ಇದೆ: ಲೈನ್ 10 ಸೆಂ.ಮೀ. ದಾಟಿದರೆ ಮತ್ತು ಜೊತೆಗೆ ಪವರ್, ಗ್ರೌಂಡ್ ಹೋಗುತ್ತಿದ್ದರೆ ಕ್ರಮ `SDA`, `VDD`, `VSS`, `SCL` ಇರಬೇಕು. ನಿಮ್ಮಲ್ಲಿರುವುದು ಅದೇ ನಾಲ್ಕು ತಂತಿ, ಕ್ರಮ ಬದಲಿಸಿ ಸಾಕು. ಎರಡೂ ತುದಿಯಲ್ಲಿ `VDD`-ಗ್ರೌಂಡ್ ನಡುವೆ ಒಂದು 100 ನ್ಯಾನೋಫ್ಯಾರಡ್ ಇರಲಿ, ಆಗ `VDD` ತಂತಿಯೂ ಎಡ್ಜ್‌ಗೆ ವಾಪಸು ದಾರಿಯಾಗಿ ಒದಗುತ್ತದೆ.

ಕಿರುದೀಪ

ವಾರಾಂತ್ಯದಲ್ಲಿ ಕೂತು ಒಂದೊಂದಾಗಿ ಮಾಡಿದೆ. ಪ್ರತಿ ಹಂತದಲ್ಲೂ ಅದೇ `0xFF`/`0x00` ಕೋಡ್, ಅದೇ ಸ್ಪ್ರಿಂಗ್ ಗ್ರೌಂಡ್, ಅದೇ ಪಿನ್.

ಮೊದಲು ಪುಲ್-ಅಪ್ 1 ಕಿಲೋಓಮ್ ಹಾಕಿದೆ. ಬಾಲ ಮಾಯ, ಲೈನ್ ಬೇಗ ಮೇಲೆ ಬರುತ್ತದೆ. ಆಳ ಮಾತ್ರ 1.9 ಇದ್ದದ್ದು 1.8. ಸುಳ್ಳು ಟಚ್ ಹಾಗೇ ಇದೆ. ಮತ್ತೆ 10 ಕಿಲೋಓಮ್ ವಾಪಸು ಹಾಕಿದೆ.

ನಂತರ ಸೀಳಿನ ಎರಡೂ ಬದಿ ಹಸಿರು ಮಾಸ್ಕ್ ಕೆರೆದು ತಾಮ್ರ ಕಾಣುವಂತೆ ಮಾಡಿದೆ. 5 ವೋಲ್ಟ್ ಟ್ರೇಸ್ ಮೇಲೆ ಕ್ಯಾಪ್ಟಾನ್ ಟೇಪ್ ಅಂಟಿಸಿ, ಅದರ ಮೇಲಿಂದ 6 ಮಿ.ಮೀ. ಅಗಲದ ತಾಮ್ರದ ಹಾಳೆ ಹಾಯಿಸಿ, ಎರಡೂ ಬದಿಯ ಅಂಚಿನುದ್ದಕ್ಕೂ ಬೆಸುಗೆ ಹಾಕಿದೆ. ಬಸ್‌ನ ಪೂರ್ತಿ ಅಗಲ ಮುಚ್ಚುವಂತೆ ನೋಡಿಕೊಂಡೆ. ಗುಂಡಿ 1.9 ರಿಂದ 1.4 ವೋಲ್ಟ್‌ಗೆ ಬಂತು. ಚೂಪು ಭಾಗವೇ ಕರಗಿದ್ದು, ಬಾಲ ಹೆಚ್ಚು ಬದಲಾಗಲಿಲ್ಲ. ಸುಳ್ಳು ಟಚ್ ಗಂಟೆಗೆ ಒಂದೋ ಎರಡೋ.

ಮೂರನೆಯದಾಗಿ ಡೇಟಾ ಪಿನ್‌ಗಳ ವೇಗ ಇಳಿಸಿದೆ. ಒಂದೇ ಸಾಲು:

```c
GPIO_InitStruct.Speed = GPIO_SPEED_FREQ_LOW;
```

ಮೊದಲು ಇದು `GPIO_SPEED_FREQ_VERY_HIGH` ಇತ್ತು, ಯಾವುದೋ ಉದಾಹರಣೆಯಿಂದ ತೆಗೆದುಕೊಂಡಿದ್ದೆ. ಗುಂಡಿ 0.6 ವೋಲ್ಟ್ ಆಯಿತು. ಎರಡು ದಿನ ಓಡಿಸಿದ್ದೇನೆ, ಒಂದೂ ಸುಳ್ಳು ಟಚ್ ಇಲ್ಲ. ಬರೆಯುವ ವೇಗವೂ 10 ಮೆಗಾಹರ್ಟ್ಸ್‌ನಲ್ಲೇ ಇದೆ.

ಲೆಕ್ಕದಹಾಳೆ

ಮೂರನೇ ಹಂತ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೂ ಲೆಕ್ಕ ಇದೆ. ಬೋರ್ಡ್ ಮೇಲೆ ಸಿಗ್ನಲ್ 1 ಮಿ.ಮೀ. ಹೋಗಲು ಸುಮಾರು 6 ಪಿಕೋಸೆಕೆಂಡ್. 1 ನ್ಯಾನೋಸೆಕೆಂಡ್ ಎಡ್ಜ್‌ಗೆ 83 ಮಿ.ಮೀ. ಜೊತೆ ಓಡಿದರೆ ಡ್ರೈವರ್ ಕಡೆಯ ಕ್ರಾಸ್‌ಟಾಕ್ ತನ್ನ ಗರಿಷ್ಠ ಮುಟ್ಟಿ ನಿಲ್ಲುತ್ತದೆ. ನಿಮ್ಮ 70 ಮಿ.ಮೀ. ಅದಕ್ಕೆ ಹತ್ತಿರ. ಎಡ್ಜ್ ಎರಡು ಪಟ್ಟು ನಿಧಾನ ಆದರೆ ಆ ಉದ್ದವೂ ಎರಡು ಪಟ್ಟು, ಅಂದರೆ 70 ಮಿ.ಮೀ. ಯಲ್ಲಿ ಅರ್ಧಕ್ಕಿಂತ ಕಡಿಮೆಯೇ ಕಟ್ಟಿಕೊಳ್ಳುತ್ತದೆ. ಉದ್ದ ಗರಿಷ್ಠದ ಆಚೆ ಇದ್ದಿದ್ದರೆ, ಸ್ವಲ್ಪ ಮೊಟಕು ಮಾಡಿದರೂ ಏನೂ ಬದಲಾಗುತ್ತಿರಲಿಲ್ಲ. "ಟ್ರೇಸ್ ಚಿಕ್ಕದು ಮಾಡಿದೆ, ಗುಂಡಿ ಅಷ್ಟೇ ಇದೆ" ಅಂತ ಬೇಸರಪಡುವವರು ಹೆಚ್ಚಾಗಿ ಅಲ್ಲೇ ಇರುತ್ತಾರೆ.

ಎರಡುಪದರ

3W ಬಗ್ಗೆ ನಾನು ಹೇಳಿದ್ದು ಈ ಬೋರ್ಡ್‌ಗೆ ಸಾಲದು ಅಂತ ಒಪ್ಪಿದೆ. ಆದರೆ ನಾಲ್ಕು ಪದರಕ್ಕೆ ಹೋಗದೆ ಎರಡು ಪದರದಲ್ಲೇ ಉಳಿಯಬೇಕಾದವರು ಏನು ಮಾಡಬೇಕು? ಇಂಟರಪ್ಟ್ ಟ್ರೇಸ್ ಮತ್ತು ಬಸ್ ನಡುವೆ ಗ್ರೌಂಡ್ ಟ್ರೇಸ್ ಒಂದನ್ನು ಕಾವಲಿಗೆ ಹಾಕಿದರೆ? 0.8 ಮಿ.ಮೀ. ದಪ್ಪದ ಬೋರ್ಡ್ ಮಾಡಿಸಿದರೆ?

ತಾಮ್ರದೆಳೆ

0.8 ಮಿ.ಮೀ. ಬೋರ್ಡ್‌ನಿಂದ 0.47 ಇದ್ದದ್ದು 0.36 ರ ಆಸುಪಾಸಿಗೆ ಬರುತ್ತದೆ. ಲಾಭ ಇದೆ, ದೊಡ್ಡದಲ್ಲ.

ಕಾವಲು ಟ್ರೇಸ್ ಎರಡು ಪದರದಲ್ಲಿ ನಿಜಕ್ಕೂ ಒಳ್ಳೆಯದು. ಅಲ್ಲಿ ಕೆಳಗಿನ ಗ್ರೌಂಡ್ 1.5 ಮಿ.ಮೀ. ದೂರ, ಪಕ್ಕದ ಗ್ರೌಂಡ್ ಟ್ರೇಸ್ 0.25 ಮಿ.ಮೀ. ಹತ್ತಿರ. ವಾಪಸು ಕರೆಂಟ್‌ನ ಒಳ್ಳೆಯ ಪಾಲು ಪಕ್ಕದ ದಾರಿ ಹಿಡಿಯುತ್ತದೆ. ಪಟ್ಟಿಕೇಬಲ್ ಅವರು ಹೇಳಿದ 80 ತಂತಿಯ ಉಪಾಯವೇ ಇದು. ಎರಡೂ ತುದಿಯನ್ನು ವಯಾ ಹಾಕಿ ಕೆಳಗಿನ ಗ್ರೌಂಡ್‌ಗೆ ಕಟ್ಟಲೇಬೇಕು, ನಡುವೆಯೂ ಒಂದಿಷ್ಟು ವಯಾ ಇರಲಿ. ಒಂದೇ ತುದಿ ಕಟ್ಟಿ ಬಿಟ್ಟರೆ ಅದರಲ್ಲಿ ವಾಪಸು ಕರೆಂಟ್ ಹರಿಯುವುದೇ ಇಲ್ಲ, ಕಾಂತ ಜೋಡಣೆ ಹಾಗೇ ಉಳಿಯುತ್ತದೆ. ಎಲ್ಲೂ ಕಟ್ಟದಿದ್ದರೆ ಅದೇ ಒಂದು ಸೇತುವೆ ಆಗಿ ಸದ್ದನ್ನು ಈಚೆ ದಾಟಿಸುತ್ತದೆ.

ಗ್ರೌಂಡ್ 0.2 ಮಿ.ಮೀ. ಕೆಳಗಿರುವ ನಾಲ್ಕು ಪದರದಲ್ಲಿ ನಾನು ಕಾವಲು ಟ್ರೇಸ್ ಹಾಕುವುದಿಲ್ಲ. ಅದನ್ನು ತೂರಿಸಲು ಟ್ರೇಸ್‌ಗಳನ್ನು 1 ಮಿ.ಮೀ. ದೂರ ಸರಿಸಲೇಬೇಕು. ಸರಿಸಿದಾಗಲೇ 0.04 ಕ್ಕೆ ಬಂದಿರುತ್ತದೆ. ಕೆಲಸ ಮಾಡಿದ್ದು ಜಾಗ, ಹೆಸರು ಕಾವಲು ಟ್ರೇಸ್‌ಗೆ.

ಲೆಕ್ಕದಹಾಳೆ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಡಿಜಿಟಲ್ ಲೈನ್‌ಗಳಿಗೆ ನೀವು ಹೇಳುವುದು ಸರಿ. ಆದರೆ ಅನಲಾಗ್ ಇನ್‌ಪುಟ್‌ನಲ್ಲಿ ಮಿಲಿವೋಲ್ಟ್ ಕೂಡ ತೊಂದರೆ ಕೊಡುತ್ತದೆ. ನಾಲ್ಕು ಪದರದ ಬೋರ್ಡ್‌ನಲ್ಲೇ, ಅದೇ ದೂರ ಇಟ್ಟು, ವಯಾ ಹೊಲಿದ ಗ್ರೌಂಡ್ ಟ್ರೇಸ್ ಇರುವ ಮತ್ತು ಇಲ್ಲದ ಎರಡು ಪಟ್ಟಿ ಮಾಡಿಸಿ ಅಳೆದಿದ್ದೇನೆ. ಇದ್ದ ಕಡೆ ಇನ್ನೂ ಕಡಿಮೆ ಇತ್ತು. ವಯಾಗೆ ಜಾಗ ಇದ್ದರೆ ಯಾಕೆ ಬಿಡಬೇಕು?

ತಾಮ್ರದೆಳೆ

ಜಾಗ ಇದ್ದರೆ ಬಿಡಬೇಕಿಲ್ಲ. ಆದರೆ ಬಸ್ ದಟ್ಟವಾಗಿರುವ ಕಡೆ ಆ ವಯಾಗಳ ಸಾಲು ಒಳಗಿನ ಪವರ್ ಪದರದಲ್ಲಿ ತೂತಿನ ಸಾಲು ಮಾಡುತ್ತದೆ, ಅದರ ಬೆಲೆಯನ್ನೂ ನೋಡಿ ಅನ್ನುತ್ತೇನೆ. ನಿಮ್ಮ ಅಳತೆಯನ್ನು ನಾನು ಅಲ್ಲಗಳೆಯುವುದಿಲ್ಲ.

ಕಿರುದೀಪ, ನೀವು ನಾಲ್ಕು ಪದರಕ್ಕೆ ಹೋಗುವುದಾದರೆ ಪದರಗಳ ಕ್ರಮ ನೋಡಿಕೊಳ್ಳಿ. ಬಸ್ ಮೊದಲ ಪದರದಲ್ಲಿದ್ದರೆ ಗ್ರೌಂಡ್ ಎರಡನೆಯದರಲ್ಲೇ ಇರಬೇಕು. ಸಾಮಾನ್ಯ 1.6 ಮಿ.ಮೀ. ನಾಲ್ಕು ಪದರದಲ್ಲಿ ಹೊರಪದರಕ್ಕೂ ಅದರ ಕೆಳಗಿನದಕ್ಕೂ ನಡುವೆ 0.2 ಮಿ.ಮೀ. ಆಸುಪಾಸು ಇರುತ್ತದೆ, ನಡುವಿನ ಕೋರ್ 1 ಮಿ.ಮೀ. ಗಿಂತ ದಪ್ಪ. ಗ್ರೌಂಡನ್ನು ಮೂರನೆಯದಕ್ಕೆ ಇಟ್ಟು, ಎರಡನೆಯದರಲ್ಲಿ ಟ್ರೇಸ್ ಓಡಿಸಿದವರನ್ನು ಕಂಡಿದ್ದೇನೆ. ಹಣ ನಾಲ್ಕು ಪದರಕ್ಕೆ ಕೊಟ್ಟಿರುತ್ತಾರೆ, ಎತ್ತರ ಮಾತ್ರ ಎರಡು ಪದರದ್ದೇ. ತಯಾರಕರಿಂದ ಆ ದಪ್ಪವನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.

ಕಿರುದೀಪ

ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಹೊಸ ಬೋರ್ಡ್ ಬಂತು. ನಾಲ್ಕು ಪದರ, ಎರಡನೇ ಪದರ ಪೂರ್ತಿ ಗ್ರೌಂಡ್, ಅದರಲ್ಲಿ ಒಂದೂ ಟ್ರೇಸ್ ಇಲ್ಲ. ಎತ್ತರ 0.2 ಮಿ.ಮೀ. ಬಸ್‌ನ ಸಂದು ಮೊದಲಿನಷ್ಟೇ, ಇಂಟರಪ್ಟ್ ಮಾತ್ರ 1 ಮಿ.ಮೀ. ದೂರ. ಹೋಲಿಸಿ ನೋಡಲು ಪಿನ್ ವೇಗವನ್ನು ಬೇಕೆಂದೇ ಮತ್ತೆ `VERY_HIGH` ಮಾಡಿದೆ.

ಗುಂಡಿ 0.3 ವೋಲ್ಟ್. ಬಹಳ ಸಂತೋಷ. ಆದರೆ ನಿಮ್ಮ ಲೆಕ್ಕದಂತೆ ಕೂಡಿಸಿದರೆ 0.13 ಸುಮಾರಿಗೆ ಬರಬೇಕಿತ್ತು. ಉಳಿದದ್ದು ಎಲ್ಲಿಂದ?

ಪಟ್ಟಿಕೇಬಲ್

ನನ್ನ ಐ-ಟು-ಸಿ ಕ್ರಮ ಬದಲಿಸಿದ ಮೇಲೆ ಒಮ್ಮೆಯೂ ನಿಂತಿಲ್ಲ, ಅದನ್ನು ಹೇಳಲು ಬಂದೆ. ಕಿರುದೀಪ, ನಿಮ್ಮ ಡಿಸ್‌ಪ್ಲೇಗೆ ಹೋಗುವ ಫ್ಲೆಕ್ಸ್ ಕೇಬಲ್ ಎಷ್ಟು ಉದ್ದ? ಅದರಲ್ಲಿ ಗ್ರೌಂಡ್ ಪಿನ್ ಎಲ್ಲಿವೆ?

ಕಿರುದೀಪ

60 ಮಿ.ಮೀ. ಗ್ರೌಂಡ್ ಎರಡೇ, ಎರಡೂ ಒಂದೇ ತುದಿಯಲ್ಲಿ. ಟಚ್ ಇಂಟರಪ್ಟ್ ಇನ್ನೊಂದು ತುದಿಯಲ್ಲಿ, ಡೇಟಾ ಬಿಟ್‌ಗಳ ಪಕ್ಕಕ್ಕೆ.

ತಾಮ್ರದೆಳೆ

ಹಾಗಿದ್ದರೆ ಮೊದಲ ಶಂಕೆ ಅಲ್ಲೇ. ಫ್ಲೆಕ್ಸ್‌ನಲ್ಲಿ ಅಡಿಯ ಗ್ರೌಂಡ್ ಇಲ್ಲದಿದ್ದರೆ ಎಂಟು ಬಿಟ್‌ನ ವಾಪಸು ಕರೆಂಟೂ ತುದಿಯ ಆ ಎರಡು ತಂತಿಗೆ ಹೋಗುತ್ತದೆ, ನಿಮ್ಮ ಇಂಟರಪ್ಟ್ ಆ ಕುಣಿಕೆಯ ಆಚೆ ಬದಿಯಲ್ಲಿ ಕೂತಿದೆ. ಫ್ಲೆಕ್ಸ್ ಬಿಚ್ಚಿ, ಬೋರ್ಡ್ ಒಂದನ್ನೇ ಓಡಿಸಿ, ಇಂಟರಪ್ಟ್ ಪಿನ್ ನೋಡಿ. ಟಚ್ ಚಿಪ್ ಹೋದರೂ ಪುಲ್-ಅಪ್ ಇರುತ್ತದಲ್ಲ, ಅಳತೆಗೆ ಅಷ್ಟು ಸಾಕು. ಆದರೆ ಬಿಚ್ಚಿದಾಗ ಲೈನ್‌ನ ಕೆಪಾಸಿಟನ್ಸ್ ಕೂಡ ಕಡಿಮೆಯಾಗುತ್ತದೆ. ಅದಕ್ಕೆ ಟಚ್ ಪಿನ್ ಬದಲಿಗೆ ಕನೆಕ್ಟರ್ ಬಳಿ 5 ಪಿಕೋಫ್ಯಾರಡ್ ಒಂದನ್ನು ಬೆಸೆದು ಅಳೆಯಿರಿ.

ಕಿರುದೀಪ

ಬಿಚ್ಚಿ, 5 ಪಿಕೋಫ್ಯಾರಡ್ ಹಾಕಿ ನೋಡಿದೆ: 0.14 ವೋಲ್ಟ್. ಫ್ಲೆಕ್ಸ್ ಚುಚ್ಚಿದ ಕೂಡಲೇ ಮತ್ತೆ 0.3. ಪಿನ್ ಕ್ರಮ ಡಿಸ್‌ಪ್ಲೇ ಮಾಡಿದವರದ್ದು, ನನ್ನ ಕೈಯಲ್ಲಿಲ್ಲ. ಇಂಟರಪ್ಟ್ ಪಿನ್ ಬುಡದಲ್ಲಿ 100 ಪಿಕೋಫ್ಯಾರಡ್‌ಗೆ ಜಾಗ ಬಿಟ್ಟಿದ್ದೇನೆ. 10 ಕಿಲೋಓಮ್ ಜೊತೆ 1 ಮೈಕ್ರೋಸೆಕೆಂಡ್ ಸುಮಾರು ಆಗುತ್ತದೆ, ಬೆರಳಿಗೆ ಅದು ಏನೂ ಅಲ್ಲ. ನಾಳೆ ಅದನ್ನು ಹಾಕಿ, ಫ್ಲೆಕ್ಸ್ ಜೊತೆಗೇ ಅಳೆದು ಇಲ್ಲಿ ಬರೆಯುತ್ತೇನೆ.